ಒಂದು ಲಕ್ಷ ಹಾಲಿನ ಪ್ಯಾಕೆಟ್, ಒಂದು ಹನಿಯೂ ಹಾಲಿಲ್ಲದೆ

ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಮೇಲೆ 500 ಮಿ.ಲೀ. ಎಂದು ಅಚ್ಚು ಹಾಕಿರುತ್ತಾರೆ. ಒಳಗೆ ಕರಾರುವಾಕ್ಕಾಗಿ ಅಷ್ಟೇ ಇರುತ್ತದೆಯೇ? ಇರುವುದಿಲ್ಲ. ಹಾಲು ತುಂಬುವ ಯಂತ್ರದ ಕವಾಟ ಒಮ್ಮೆ ಕ್ಷಣ ಮೊದಲು ಮುಚ್ಚುತ್ತದೆ, ಒಮ್ಮೆ ಕ್ಷಣ ತಡವಾಗಿ. ಹಾಲಿನಲ್ಲಿ ನೊರೆ ಹೆಚ್ಚು ಕಡಿಮೆಯಾಗುತ್ತದೆ, ಕೊಳವೆಯಲ್ಲಿ ಒತ್ತಡ ಏರಿಳಿಯುತ್ತದೆ. ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಸಣ್ಣ ಕಾರಣಗಳು ಸೇರಿ ಒಂದು ಪ್ಯಾಕೆಟ್ಟಿಗೂ ಇನ್ನೊಂದಕ್ಕೂ ಒಂದೆರಡು ಮಿಲಿಲೀಟರ್ ವ್ಯತ್ಯಾಸ ಬರುತ್ತದೆ.

ಯಾರಿಗೂ ಕಡಿಮೆ ಹಾಲು ಹೋಗಬಾರದೆಂದು ಡೇರಿಯವರು ಯಂತ್ರವನ್ನು ತುಸು ಹೆಚ್ಚಿಗೇ, 506 ಮಿ.ಲೀ.ಗೆ ಹೊಂದಿಸಿದ್ದಾರೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಒಂದು ಲಕ್ಷ ಪ್ಯಾಕೆಟ್ ತುಂಬುತ್ತಾರೆ. ಅವುಗಳಲ್ಲಿ ಎಷ್ಟು ಪ್ಯಾಕೆಟ್ 500ಕ್ಕಿಂತ ಕಡಿಮೆ ಇರಬಹುದು? ಒಂದೊಂದನ್ನೂ ಒಡೆದು ಅಳೆಯಲು ಆಗದು. ಅದರ ಬದಲು ಕಂಪ್ಯೂಟರಿನಲ್ಲಿ ಒಂದು ಲಕ್ಷ ಸುಳ್ಳು ಪ್ಯಾಕೆಟ್ ತುಂಬಿಸಿ ಎಣಿಸಬಹುದು. ಇದನ್ನೇ ಸಿಮ್ಯುಲೇಶನ್ ಎನ್ನುವುದು.

ಸುಳ್ಳು ಪ್ಯಾಕೆಟ್ ತುಂಬಲು ಕಂಪ್ಯೂಟರಿನ ಬಳಿ ಇರುವುದು ಒಂದೇ ಸಾಮಗ್ರಿ. ಕೇಳಿದಾಗಲೆಲ್ಲ ಅದು 0ಗೂ 1ಕ್ಕೂ ನಡುವಿನ ಯಾವುದೋ ಒಂದು ಸಂಖ್ಯೆಯನ್ನು ಎತ್ತಿ ಕೊಡುತ್ತದೆ: 0.73, 0.06, 0.41, ಹೀಗೆ. ಮುಂದೆ ಯಾವುದು ಬರುತ್ತದೆಂದು ನೀವು ಊಹಿಸಲಾರಿರಿ. ಆದರೆ ಸಾವಿರಾರು ಸಂಖ್ಯೆಗಳನ್ನು ಬರೆದಿಟ್ಟು ನೋಡಿದರೆ ಒಂದು ಶಿಸ್ತು ಕಾಣುತ್ತದೆ. 0.0ರಿಂದ 0.1ರವರೆಗೆ ಎಷ್ಟು ಬಿದ್ದಿವೆಯೋ 0.1ರಿಂದ 0.2ರವರೆಗೂ ಹೆಚ್ಚುಕಡಿಮೆ ಅಷ್ಟೇ, 0.9ರಿಂದ 1ರವರೆಗೂ ಅಷ್ಟೇ. ಯಾವ ಕಡೆಗೂ ಪಕ್ಷಪಾತವಿಲ್ಲ, ಎಲ್ಲ ಕಡೆಯೂ ಸಮನಾಗಿ ಹರಡಿರುತ್ತವೆ.

ತೊಂದರೆ ಶುರುವಾಗುವುದು ಇಲ್ಲೇ. ಹಾಲಿನ ಪ್ಯಾಕೆಟ್‌ಗಳು ಸಮನಾಗಿ ಹರಡಿರುವುದಿಲ್ಲ. ಹೆಚ್ಚಿನವು 506ರ ಆಸುಪಾಸಿನಲ್ಲೇ ಗುಂಪುಗೂಡಿರುತ್ತವೆ. 504, 508ರ ಹತ್ತಿರ ಅದಕ್ಕಿಂತ ಕಡಿಮೆ. 500ರ ಬಳಿ ಅಪರೂಪ, 512ರ ಬಳಿಯೂ ಅಷ್ಟೇ ಅಪರೂಪ. ಎಣಿಕೆಯನ್ನು ಚಿತ್ರವಾಗಿ ಬರೆದರೆ ನಡುವೆ ಉಬ್ಬಿ ಎರಡೂ ಕಡೆ ಇಳಿಯುವ ಗಂಟೆಯ ಆಕಾರ ಬರುತ್ತದೆ. ಸಮನಾಗಿ ಹರಡಿದ ಸಂಖ್ಯೆಗಳನ್ನೇ ನೇರವಾಗಿ ಹಿಗ್ಗಿಸಿ 500ರಿಂದ 512ರವರೆಗೆ ಹರಡಿದರೆ ಒಂದು ಲಕ್ಷದಲ್ಲಿ ಕಡಿಮೆ ಹಾಲಿನ ಪ್ಯಾಕೆಟ್ ಒಂದೂ ಸಿಗುವುದಿಲ್ಲ. ಸರಿ, ಸ್ವಲ್ಪ ಅಗಲ ಮಾಡೋಣವೆಂದು 498ರಿಂದ 514ರವರೆಗೆ ಹರಡಿದರೆ ಹದಿನಾರು ಪಾಲಿನಲ್ಲಿ ಎರಡು ಪಾಲು, ಅಂದರೆ 12,500 ಪ್ಯಾಕೆಟ್ ಕಡಿಮೆ ಬೀಳುತ್ತವೆ! ಒಂದು ಉತ್ತರ ಸೊನ್ನೆ, ಇನ್ನೊಂದು ಹನ್ನೆರಡೂವರೆ ಸಾವಿರ. ಎರಡೂ ನಂಬುವಂಥವಲ್ಲ.

ಹಾಗಾದರೆ ಸಮನಾದ ಸಂಖ್ಯೆಗಳನ್ನು ಗಂಟೆಯ ಆಕಾರಕ್ಕೆ ತಿರುಗಿಸುವುದು ಹೇಗೆ?

ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲಿಸುತ್ತಾರಲ್ಲ, ಕುಳ್ಳರು ಮುಂದೆ, ಉದ್ದನೆಯವರು ಹಿಂದೆ, ಆ ಸಾಲನ್ನು ನೆನಪಿಸಿಕೊಳ್ಳಿ. ದೊಡ್ಡ ಶಾಲೆ, ಒಂದೇ ತರಗತಿಯ ನೂರು ಮಕ್ಕಳು ಒಂದೇ ಸಾಲಿನಲ್ಲಿದ್ದಾರೆ. ಸಾಲಿನ ನಡುವೆ ನಿಂತವರನ್ನು ನೋಡಿ. ನಲವತ್ತೈದನೆಯವರಿಗೂ ಐವತ್ತೈದನೆಯವರಿಗೂ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಸಾಲಿನ ತುದಿಗೆ ಬನ್ನಿ. ಕೊನೆಯ ಹತ್ತು ಮಂದಿಯಲ್ಲಿ ಒಬ್ಬರಿಗಿಂತ ಒಬ್ಬರು ಎದ್ದು ಕಾಣುವಷ್ಟು ಎತ್ತರವಾಗುತ್ತ ಹೋಗುತ್ತಾರೆ. ಮುಂದಿನ ತುದಿಯಲ್ಲೂ ಹಾಗೆಯೇ.

ಈಗ ಕಣ್ಣು ಮುಚ್ಚಿ 1ರಿಂದ 100ರೊಳಗೆ ಒಂದು ಸಂಖ್ಯೆ ಎತ್ತಿ. ಆ ಜಾಗದಲ್ಲಿ ನಿಂತವರ ಎತ್ತರವನ್ನು ಬರೆದುಕೊಳ್ಳಿ. ಮತ್ತೆ ಎತ್ತಿ, ಮತ್ತೆ ಬರೆಯಿರಿ. ನೀವು ಎತ್ತಿದ ಜಾಗಗಳು ಸಮನಾಗಿ ಹರಡಿವೆ. ಆದರೆ ಬರೆದುಕೊಂಡ ಎತ್ತರಗಳು ಸಮನಾಗಿ ಹರಡಿಲ್ಲ! ಸಾಲಿನ ನಡುವೆ ಎಲ್ಲಿ ಕೈ ಹಾಕಿದರೂ ಹೆಚ್ಚುಕಡಿಮೆ ಒಂದೇ ಎತ್ತರ ಸಿಗುವುದರಿಂದ ನಡುವಿನ ಎತ್ತರಗಳು ಗುಂಪುಗೂಡುತ್ತವೆ. ತೀರ ಉದ್ದ ಅಥವಾ ತೀರ ಕುಳ್ಳು ಸಿಗಬೇಕಾದರೆ ಸರಿಯಾಗಿ ತುದಿಗೇ ಕೈ ಹಾಕಿರಬೇಕು. ಸಂಖ್ಯೆ ಆರಿಸುವುದು ಜಾಗವನ್ನು, ನಾವು ಓದುವುದು ಎತ್ತರವನ್ನು. ಇಡೀ ತಂತ್ರ ಇಷ್ಟೇ.

ಹಾಲಿಗೆ ಇದನ್ನು ಅನ್ವಯಿಸೋಣ. ಪ್ಯಾಕೆಟ್‌ಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದ್ದೇವೆಂದು ಭಾವಿಸಿ. ಕಂಪ್ಯೂಟರ್ ಕೊಟ್ಟ 0.50 ಎಂದರೆ ಸಾಲಿನ ನಟ್ಟನಡುವೆ, 0.06 ಎಂದರೆ ಮುಂದಿನ ತುದಿಯ ಸಮೀಪ. ಯಾವ ಜಾಗದಲ್ಲಿ ಎಷ್ಟು ಹಾಲು ಎಂದು ಹೇಳುವ ಕೋಷ್ಟಕವನ್ನು ಗಣಿತಜ್ಞರು ಹಿಂದೆಯೇ ಮಾಡಿಟ್ಟಿದ್ದಾರೆ. ಅದರಲ್ಲಿ ಹಾಲೂ ಇಲ್ಲ, ಎತ್ತರವೂ ಇಲ್ಲ, ನಡುವಿನಿಂದ ಎಷ್ಟು ಹೆಜ್ಜೆ ದೂರ ಎಂಬುದಷ್ಟೇ ಇದೆ. ಒಂದು ಹೆಜ್ಜೆ ಎಷ್ಟು ದೊಡ್ಡದು ಎಂಬುದು ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ. ನೀವು ಮುಂದೆ ಓದುವ ಪಠ್ಯಪುಸ್ತಕದಲ್ಲಿ ಈ ಹೆಜ್ಜೆಗೆ ಮಾನಕ ವಿಚಲನೆ ಎಂಬ ಗಂಭೀರ ಹೆಸರಿದೆ. ನಾವು ಹೆಜ್ಜೆ ಎಂದೇ ಕರೆಯೋಣ. ನಮ್ಮ ಯಂತ್ರದ ಹೆಜ್ಜೆ 2 ಮಿ.ಲೀ.

ಕೋಷ್ಟಕದಲ್ಲಿ 0.50ರ ಎದುರು 0 ಇದೆ, ಅಂದರೆ ನಡುವೆಯೇ. 0.84ರ ಎದುರು ಸುಮಾರು +1, 0.16ರ ಎದುರು ಸುಮಾರು −1. ಹಾಗಾದರೆ 0.16ರಿಂದ 0.84ರವರೆಗಿನ ಸಂಖ್ಯೆಗಳೆಲ್ಲ, ಅಂದರೆ ನೂರರಲ್ಲಿ 68, ನಡುವಿನಿಂದ ಒಂದೇ ಹೆಜ್ಜೆಯೊಳಗೆ ಬಂದು ಕೂರುತ್ತವೆ. ಅದೇ ಗಂಟೆಯ ಉಬ್ಬು. ಎರಡು ಹೆಜ್ಜೆ ಮುಟ್ಟಬೇಕಾದರೆ 0.977 ಬೇಕು, ಮೂರು ಹೆಜ್ಜೆಗೆ 0.9987.

ಮೊದಲು ಸಿಕ್ಕ ಮೂರು ಸಂಖ್ಯೆಗಳಿಂದ ಮೂರು ಪ್ಯಾಕೆಟ್ ತುಂಬೋಣ. 0.73ರ ಎದುರು +0.61 ಇದೆ. ಅಷ್ಟು ಹೆಜ್ಜೆ ಎಂದರೆ 1.22 ಮಿ.ಲೀ., 506ಕ್ಕೆ ಕೂಡಿಸಿದರೆ 507.22. ಮುಂದಿನದು 0.06, ಅದರೆದುರು −1.55, ಆದ್ದರಿಂದ 506ರಿಂದ 3.10 ಕಳೆದು 502.90. ಮೂರನೆಯದು 0.41, ಅದರೆದುರು −0.23, ಪ್ಯಾಕೆಟ್ಟಿನಲ್ಲಿ 505.54. ಇನ್ನು 99,997 ಪ್ಯಾಕೆಟ್ ಬಾಕಿ!

ಕಂಪ್ಯೂಟರ್ ಬರುವ ಎಷ್ಟೋ ಮೊದಲೇ ಜನ ಇದನ್ನು ಕೈಯಲ್ಲೇ ಮಾಡುತ್ತಿದ್ದರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬಾತ 1890ರಲ್ಲಿ ಇದಕ್ಕೆಂದೇ ಮರದ ದಾಳಗಳನ್ನು ಮಾಡಿಸಿ ‘ನೇಚರ್’ ಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದ. ನಮ್ಮ ಚೌಕಾಕಾರದ ದಾಳಕ್ಕೆ ಆರು ಮುಖ, ಆರೇ ಉತ್ತರ. ಗಾಲ್ಟನ್ ದಾಳದ ಪ್ರತಿ ಮುಖದ ನಾಲ್ಕೂ ಅಂಚುಗಳ ಉದ್ದಕ್ಕೆ ಒಂದೊಂದು ಸಂಖ್ಯೆ ಬರೆದ. ದಾಳ ಉರುಳಿದ ಮೇಲೆ ಮೇಲಿನ ಮುಖದಲ್ಲಿ ನಮ್ಮ ಕಡೆಗಿರುವ ಅಂಚನ್ನು ಓದಬೇಕು. ಆರು ನಾಲ್ಕಲ ಇಪ್ಪತ್ತನಾಲ್ಕು, ಒಂದೇ ದಾಳದಲ್ಲಿ 24 ಸಮಾನ ಅವಕಾಶಗಳು! ಅಲ್ಲಿ ಆತ ಬರೆದದ್ದು 1, 2, 3 ಅಲ್ಲ. ಸಾಲನ್ನು ಸಮಪಾಲು ಮಾಡಿ, ಒಂದೊಂದು ಪಾಲಿನಲ್ಲಿ ನಿಂತವರು ನಡುವಿನಿಂದ ಎಷ್ಟು ದೂರ ಎಂಬ ಅಳತೆಗಳನ್ನು ಬರೆದ. ತುದಿಯ ಪಾಲಿನಲ್ಲಿ ಮಾತ್ರ ಅಳತೆಗಳು ಬೇಗಬೇಗ ಬದಲಾಗುತ್ತವಲ್ಲ, ಅಲ್ಲಿಗೆ ಒಂದೇ ಸಂಖ್ಯೆ ಬರೆದರೆ ಸಾಲದು. ಹಾಗಾಗಿ ಮೊದಲ ದಾಳದಲ್ಲಿ ಆ ಜಾಗಗಳನ್ನು ಗುರುತು ಹಾಕಿ ಬಿಟ್ಟು, ಅದು ಬಿದ್ದಾಗ ಇನ್ನೊಂದು ದಾಳ ಹಾಕುವಂತೆ ಮಾಡಿದ. ಮೂರನೆಯ ದಾಳ ಕೂಡಿಸಬೇಕೋ ಕಳೆಯಬೇಕೋ ಎಂದು ಹೇಳುತ್ತಿತ್ತು. ತುದಿಗಳ ಬಗ್ಗೆ ಆತ ತೋರಿಸಿದ ಈ ಎಚ್ಚರ ನನಗೆ ದಾಳಗಳಿಗಿಂತ ಹೆಚ್ಚು ಇಷ್ಟ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. 1927ರಲ್ಲಿ ಲಂಡನ್ನಿನಲ್ಲಿ ಟಿಪ್ಪೆಟ್ ಎಂಬವರು ಜನಗಣತಿ ವರದಿಗಳಿಂದ ಆರಿಸಿದ 41,600 ಅಂಕಿಗಳನ್ನು ಪುಸ್ತಕವಾಗಿ ಹೊರತಂದರು. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಪಿ. ಸಿ. ಮಹಾಲನೋಬಿಸ್ ಮತ್ತು ಅವರ ಜೊತೆಗಾರರು ಆ ಅಂಕಿಗಳನ್ನು ಗಂಟೆಯಾಕಾರದ ಸಂಖ್ಯೆಗಳಾಗಿ ತಿರುಗಿಸಿ, 1934ರಲ್ಲಿ ತಮ್ಮ ‘ಸಂಖ್ಯಾ’ ಪತ್ರಿಕೆಯಲ್ಲಿ ಕೋಷ್ಟಕವನ್ನು ಅಚ್ಚು ಹಾಕಿಸಿದರು. ಬೇಕಾದವರು ಪುಟ ತೆರೆದು ಸಾಲಾಗಿ ಓದಿಕೊಳ್ಳಬಹುದಿತ್ತು.

ನೀವೂ ಮಾಡಿ ನೋಡಬಹುದು. ಹತ್ತು ಚೀಟಿಗಳ ಮೇಲೆ −1.64, −1.04, −0.67, −0.39, −0.13, +0.13, +0.39, +0.67, +1.04, +1.64 ಎಂದು ಬರೆಯಿರಿ. ಇವು ಸಾಲನ್ನು ಹತ್ತು ಸಮಪಾಲು ಮಾಡಿದಾಗ ಒಂದೊಂದು ಪಾಲಿನ ನಡುವೆ ನಿಂತವರ ಅಳತೆಗಳು. ಚೀಟಿಗಳನ್ನು ಡಬ್ಬಿಗೆ ಹಾಕಿ ಕುಲುಕಿ, ಒಂದು ಎತ್ತಿ, ಬರೆದುಕೊಂಡು ವಾಪಸು ಹಾಕಿ. ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಎತ್ತುವಿಕೆಗೆ ಅವಕಾಶಗಳು ಸಮನಾಗಿ ಉಳಿಯುವುದಿಲ್ಲ. ಚೀಟಿಯ ಸಂಖ್ಯೆಯನ್ನು 2ರಿಂದ ಗುಣಿಸಿ 506ಕ್ಕೆ ಕೂಡಿಸಿದರೆ ಒಂದು ಪ್ಯಾಕೆಟ್ ಸಿದ್ಧ. ಕಡಿಮೆ ಹಾಲಿನ ಪ್ಯಾಕೆಟ್ ಮಾತ್ರ ನಿಮಗೆ ಎಂದೂ ಸಿಗದು, ಏಕೆಂದರೆ ನಿಮ್ಮ ಅತಿ ಚಿಕ್ಕ ಚೀಟಿ −1.64. ಅಲ್ಲಿಗೆ 502.72ಕ್ಕಿಂತ ಕೆಳಗೆ ಇಳಿಯುವ ದಾರಿಯೇ ಇಲ್ಲ.

ಇದು ಚೀಟಿಗಷ್ಟೇ ಇರುವ ತೊಂದರೆಯಲ್ಲ. ಕಂಪ್ಯೂಟರ್ ಎರಡೇ ದಶಮಾಂಶದ ಸಂಖ್ಯೆ ಕೊಟ್ಟರೆ 0.01ಕ್ಕಿಂತ ಚಿಕ್ಕ ಜಾಗ ಇಲ್ಲ, ಅದರೆದುರು ಇರುವುದು −2.33. ಮೂರು ದಶಮಾಂಶ ಕೊಟ್ಟರೆ −3.09ರವರೆಗೆ ಹೋಗಬಹುದು. ನಾಲ್ಕಾದರೆ −3.72. ಎಷ್ಟು ಅಂಕಿ ಇದೆಯೋ ಅಷ್ಟೇ ದೂರ ತುದಿ. ಅದೂ ಒಂದೊಂದು ಅಂಕಿ ಸೇರಿಸಿದಾಗ ಅರ್ಧ ಮುಕ್ಕಾಲು ಹೆಜ್ಜೆಯಷ್ಟು ಮಾತ್ರ ಮುಂದೆ ಹೋಗುತ್ತದೆ. ಇನ್ನು ಸಂಖ್ಯೆ ಸರಿಯಾಗಿ 0 ಬಂದುಬಿಟ್ಟರೆ? ಗಂಟೆಯ ಅಂಚಿಗೆ ಕೊನೆಯೇ ಇಲ್ಲವಾದ್ದರಿಂದ ಸೊನ್ನೆಯ ಎದುರು ಬರೆಯಲು ಯಾವ ಅಳತೆಯೂ ಇಲ್ಲ, ಕಂಪ್ಯೂಟರ್ ತಪ್ಪು ಎಂದು ನಿಂತುಬಿಡುತ್ತದೆ. ಅದಕ್ಕೇ ಪ್ರೋಗ್ರಾಮ್ ಬರೆಯುವವರು ಸೊನ್ನೆ ಬಂದರೆ ಬಿಟ್ಟು ಇನ್ನೊಂದು ಸಂಖ್ಯೆ ಕೇಳು ಎಂದು ಹೇಳಿಡುತ್ತಾರೆ.

ಕೋಷ್ಟಕವೇ ಬೇಡ ಎನ್ನುವ ಉಪಾಯವೂ ಒಂದಿದೆ. ಎರಡು ದಾಳ ಒಟ್ಟಿಗೆ ಹಾಕಿ ಮೊತ್ತ ನೋಡಿ. 2 ಬರಲು ಒಂದೇ ದಾರಿ, ಎರಡರಲ್ಲೂ 1 ಬೀಳಬೇಕು. 7 ಬರಲು ಆರು ದಾರಿಗಳಿವೆ. ಒಂದೊಂದು ದಾಳ ಸಮನಾಗಿದ್ದರೂ ಮೊತ್ತ ನಡುವೆ ಗುಂಪುಗೂಡುತ್ತದೆ. ಹೆಚ್ಚು ದಾಳ ಸೇರಿಸಿದಷ್ಟೂ ಆಕಾರ ಗಂಟೆಯ ಹತ್ತಿರ ಬರುತ್ತದೆ. ಹಾಲಿನ ಪ್ಯಾಕೆಟ್ ಗಂಟೆಯಾಕಾರ ಪಡೆಯುವುದೂ ಹೀಗೆಯೇ: ಕವಾಟ, ನೊರೆ, ಒತ್ತಡಗಳ ಸಣ್ಣ ಸಣ್ಣ ತಪ್ಪುಗಳ ಮೊತ್ತ ಅದು.

ಕಂಪ್ಯೂಟರಿನಿಂದ 12 ಸಂಖ್ಯೆ ಕೇಳಿ, ಎಲ್ಲ ಕೂಡಿಸಿ, 6 ಕಳೆಯಿರಿ. ಆರೇ ಏಕೆ? ಒಂದು ಸಂಖ್ಯೆಯ ಸರಾಸರಿ ಅರ್ಧ, ಹನ್ನೆರಡರದು ಆರು, ಅದನ್ನು ಕಳೆದರೆ ನಡು 0ಗೆ ಬರುತ್ತದೆ. ಹನ್ನೆರಡೇ ಏಕೆ ಎಂಬುದಕ್ಕೂ ಕಾರಣವಿದೆ: ಅಷ್ಟು ಕೂಡಿಸಿದಾಗ ಮೊತ್ತದ ಹೆಜ್ಜೆ ಸರಿಯಾಗಿ 1 ಆಗುತ್ತದೆ, ಬೇರೆ ಗುಣಾಕಾರ ಭಾಗಾಕಾರ ಬೇಕಾಗುವುದಿಲ್ಲ. ಉದಾಹರಣೆಗೆ 0.62, 0.18, 0.94, 0.07, 0.55, 0.71, 0.33, 0.86, 0.29, 0.48, 0.66, 0.12 ಬಂದವೆನ್ನಿ. ಮೊತ್ತ 5.81, ಆರು ಕಳೆದರೆ −0.19, ಪ್ಯಾಕೆಟ್ಟಿನಲ್ಲಿ 505.62 ಮಿ.ಲೀ. ಹಳೆಯ ಕಂಪ್ಯೂಟರುಗಳಲ್ಲಿ ಈ ಉಪಾಯ ಬಹಳ ಬಳಕೆಯಲ್ಲಿತ್ತು.

ಮನೆಯಲ್ಲಿ ಅಣ್ಣನೋ ಅಕ್ಕನೋ ಪೈಥಾನ್ ಬಲ್ಲವರಾಗಿದ್ದರೆ ಇದನ್ನು ಓಡಿಸಿ ತೋರಿಸಲು ಹೇಳಿ:

```python
import random
short = 0
for i in range(100000):
    z = sum(random.random() for k in range(12)) - 6
    if 506 + 2 * z < 500:
        short += 1
print(short)
```

ಕಡಿಮೆ ಹಾಲಿನ ಪ್ಯಾಕೆಟ್ ಸುಮಾರು 101 ಎಂದು ಬರುತ್ತದೆ. ಪ್ರತಿ ಸಲ ಓಡಿಸಿದಾಗಲೂ ಹತ್ತು ಹದಿನೈದು ಅತ್ತಿತ್ತ ಆಗುತ್ತದೆ, ಅದು ಸಹಜ. ಈಗ `z` ಎಂದು ಶುರುವಾಗುವ ಸಾಲನ್ನು ಮಾತ್ರ ಬದಲಿಸಿ, ಮೊದಲ ಉಪಾಯದಂತೆ ಸಾಲಿನ ಜಾಗದಿಂದ ಅಳತೆ ಓದುವಂತೆ ಮಾಡೋಣ. ಪೈಥಾನಿನೊಳಗೆ ಆ ಕೋಷ್ಟಕದ ಕೆಲಸ ಮಾಡುವ ಸೂತ್ರ ಸಿದ್ಧವಾಗಿದೆ. ಕಡತದ ಮೇಲ್ತುದಿಯಲ್ಲಿ `from statistics import NormalDist` ಎಂದು ಸೇರಿಸಿ, ಆ ಸಾಲನ್ನು ಹೀಗೆ ಬರೆಯಿರಿ:

```python
    z = NormalDist().inv_cdf(random.random())
```

ಈಗ ಸುಮಾರು 135 ಬರುತ್ತದೆ. ಗಂಟೆಯ ನಿಜವಾದ ಲೆಕ್ಕ ಇದೇ, ಮೂರು ಹೆಜ್ಜೆಗಿಂತ ಕೆಳಗೆ ಲಕ್ಷಕ್ಕೆ 135. ಹನ್ನೆರಡರ ಮೊತ್ತ ನಾಲ್ಕರಲ್ಲಿ ಒಂದು ಪಾಲನ್ನು ನುಂಗಿಹಾಕಿತ್ತು! ಒಂದೇ ಸಲ ಓಡಿಸಿ ನೋಡಿದರೆ ಈ ವ್ಯತ್ಯಾಸ ಅದೃಷ್ಟದ ಏರಿಳಿತದಂತೆ ಕಾಣಬಹುದು. 100000 ಇದ್ದ ಕಡೆ 1000000 ಹಾಕಿ ಓಡಿಸಿ. ಒಂದು ಉಪಾಯ ಸಾವಿರದ ಆಸುಪಾಸು, ಇನ್ನೊಂದು ಸಾವಿರದ ಮುನ್ನೂರೈವತ್ತರ ಆಸುಪಾಸು ಕೊಡುತ್ತದೆ. ಆಗ ಸಂಶಯಕ್ಕೆ ಎಡೆಯೇ ಇರುವುದಿಲ್ಲ.

ಎಲ್ಲಿ ಕಳೆದುಹೋಯಿತು? ಮೊತ್ತ ತೀರ ಚಿಕ್ಕದಾಗಬೇಕಾದರೆ ಹನ್ನೆರಡೂ ಸಂಖ್ಯೆಗಳು ಒಟ್ಟಿಗೆ ಚಿಕ್ಕದಾಗಬೇಕು. ಹನ್ನೆರಡೂ ಸೊನ್ನೆಯೇ ಆದರೂ −6ಕ್ಕಿಂತ ಕೆಳಗೆ ಹೋಗಲು ಸಾಧ್ಯವಿಲ್ಲ. ಆ ಗೋಡೆ ಮುಟ್ಟುವ ಎಷ್ಟೋ ಮುಂಚೆಯೇ ಅಂಚು ಸೊರಗತೊಡಗುತ್ತದೆ. ನಡುವೆ ಮಾತ್ರ ಎರಡೂ ಉಪಾಯಗಳು ಅಚ್ಚೊತ್ತಿದಂತೆ ಒಂದೇ ಆಗಿ ಕಾಣುತ್ತವೆ. ಚಿತ್ರ ಬರೆದು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದೇ ಕಷ್ಟ. ಹೊರಗೆ ಹೋದಷ್ಟೂ ಮೋಸ ಬೆಳೆಯುತ್ತದೆ. ನಾಲ್ಕು ಹೆಜ್ಜೆಗಿಂತ ಕೆಳಗೆ ಹತ್ತು ಲಕ್ಷದಲ್ಲಿ 32 ಇರಬೇಕು, ಹನ್ನೆರಡರ ಮೊತ್ತ ಕೊಡುವುದು ಎಂಟೋ ಒಂಬತ್ತೋ. ಐದು ಹೆಜ್ಜೆಗಿಂತ ಕೆಳಗಿನದು ಸುಮಾರು 35 ಲಕ್ಷದಲ್ಲಿ ಒಂದು ಇರಬೇಕು. ಹನ್ನೆರಡರ ಮೊತ್ತದಲ್ಲಿ ಅದು 47 ಕೋಟಿ 90 ಲಕ್ಷದಲ್ಲಿ ಒಂದು! ಈ ವಿಚಿತ್ರ ಸಂಖ್ಯೆ ಬಂದದ್ದು 1ರಿಂದ 12ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧದಿಂದ, 479001600.

ಹಾಗೆಂದು ಹನ್ನೆರಡರ ಉಪಾಯ ಕೆಟ್ಟದ್ದೆಂದಲ್ಲ. ಪ್ಯಾಕೆಟ್‌ಗಳ ಸರಾಸರಿ ಎಷ್ಟು, ಹೆಚ್ಚಿನವು ಯಾವ ಅಳತೆಯಲ್ಲಿವೆ ಎಂದು ತಿಳಿಯಲು ಅದು ಧಾರಾಳ ಸಾಕು. ಕೇಳುವ ಪ್ರಶ್ನೆಯೇ ಅಪರೂಪದ ಪ್ಯಾಕೆಟ್ಟಿನ ಬಗ್ಗೆ ಇದ್ದಾಗ ಮಾತ್ರ ಅದು ಕೈಕೊಡುತ್ತದೆ. ನಮ್ಮ ಪ್ರಶ್ನೆ ಅಂಥದ್ದೇ ಆಗಿತ್ತು.

1958ರಲ್ಲಿ ಜಾರ್ಜ್ ಬಾಕ್ಸ್ ಮತ್ತು ಮರ್ವಿನ್ ಮಲ್ಲರ್ ಎಂಬಿಬ್ಬರು ಇನ್ನೊಂದು ದಾರಿ ತೋರಿಸಿದರು. ಅದಕ್ಕೆ ಬೇಕಾದ್ದು ಎರಡೇ ಸಂಖ್ಯೆ. ಒಂದು ಸಂಖ್ಯೆಯಿಂದ ಯಾವ ದಿಕ್ಕಿಗೆ ಎಂದು ನಿರ್ಧರಿಸಿ, ಇನ್ನೊಂದರಿಂದ ಎಷ್ಟು ದೂರ ಎಂದು ನಿರ್ಧರಿಸಿ, ಹಾಳೆಯ ನಡುವಿನಿಂದ ಹೊರಟು ಅಲ್ಲೊಂದು ಚುಕ್ಕೆ ಇಡುತ್ತಾರೆ. ಆ ಚುಕ್ಕೆ ಅಡ್ಡಕ್ಕೆ ಎಷ್ಟು ದೂರ, ಉದ್ದಕ್ಕೆ ಎಷ್ಟು ದೂರ ಎಂದು ಅಳೆದರೆ ಗಂಟೆಯಾಕಾರದ ಎರಡು ಸಂಖ್ಯೆಗಳು ಒಮ್ಮೆಗೇ ಸಿಗುತ್ತವೆ. ಅಂಚು ಸೊರಗುವುದಿಲ್ಲ, ಕೋಷ್ಟಕವೂ ಬೇಡ. ದೂರದ ಲೆಕ್ಕಕ್ಕೆ ಬೇಕಾದ ಗಣಿತವನ್ನು ನೀವು ಪಿಯುಸಿಯಲ್ಲಿ ಕಲಿಯುತ್ತೀರಿ.

ಒಂದು ಮಾತು ಉಳಿದಿದೆ. ಈ 135 ನಿಜವಾಗಬೇಕಾದರೆ ಡೇರಿಯ ಪ್ಯಾಕೆಟ್‌ಗಳು ತುದಿಯವರೆಗೂ ಗಂಟೆಯಾಕಾರದಲ್ಲೇ ಇರಬೇಕು. ಯಾವುದೋ ಪ್ಯಾಕೆಟ್ಟಿನ ಅಂಟು ಬಿಟ್ಟು ಹಾಲು ಸೋರಿದರೆ ಅದು ಸಣ್ಣ ತಪ್ಪುಗಳ ಮೊತ್ತವಲ್ಲ, ಒಂದೇ ದೊಡ್ಡ ತಪ್ಪು. ಅದು ಯಾವ ಗಂಟೆಯಲ್ಲೂ ಕಾಣುವುದಿಲ್ಲ. ಎರಡು ಯಂತ್ರಗಳಿದ್ದು ಒಂದು 506ಕ್ಕೆ, ಇನ್ನೊಂದು 514ಕ್ಕೆ ಹೊಂದಿಕೊಂಡಿದ್ದರೆ ಚಿತ್ರದಲ್ಲಿ ಒಂದರ ಬದಲು ಎರಡು ಉಬ್ಬು ಬರುತ್ತವೆ. ಆದ್ದರಿಂದ ಡೇರಿಯವರು ಮೊದಲು ಕೆಲವು ನೂರು ನಿಜವಾದ ಪ್ಯಾಕೆಟ್‌ಗಳನ್ನು ತೂಕಕ್ಕಿಟ್ಟು ಚಿತ್ರ ಬರೆದು, ಉಬ್ಬು ಒಂದೇ ಇದೆಯೇ, ಅದು 506ರ ಮೇಲೇ ಕೂತಿದೆಯೇ, ಮೂರರಲ್ಲಿ ಎರಡು ಪಾಲಿನಷ್ಟು 504 ಮತ್ತು 508ರ ನಡುವೆ ಬಿದ್ದಿವೆಯೇ ಎಂದು ನೋಡಿಕೊಳ್ಳುತ್ತಾರೆ. ಸುಳ್ಳು ಪ್ಯಾಕೆಟ್ ತುಂಬುವ ಕೆಲಸ ಆಮೇಲಿನದು.